ಪ್ರಯಾಣ ಖರ್ಚಿನ ಬಿಲ್ಲು: ತಿರುಗಿ ಬಾರದಂತೆ ಒಂದು ನಮೂನೆ ಕಟ್ಟುವುದು

ಇಲ್ಲಿ ಕಟ್ಟುತ್ತಿರುವುದು ಒಂದೇ ಎ4 ಹಾಳೆಯ ಟಿಎ ಬಿಲ್ಲು. ವಿಜಯಪುರದಲ್ಲಿ ಮುಖ್ಯ ಕಚೇರಿ, ಇಂಡಿ, ಸಿಂದಗಿ, ಮುದ್ದೇಬಿಹಾಳದಲ್ಲಿ ಶಾಖೆಗಳು ಇರುವಂಥ ಸಣ್ಣ ಪತ್ತಿನ ಸಹಕಾರಿ ಸಂಘಕ್ಕೆ ಒಪ್ಪುವ ಅಳತೆ. ಸಿಬ್ಬಂದಿ ಸಾಲ ವಸೂಲಿಗೆ, ಶಾಖೆ ತಪಾಸಣೆಗೆ, ಸಭೆಗೆ ಓಡಾಡುತ್ತಾರೆ. ಕೆಲವರು ಬಸ್ಸಿಗೆ, ಕೆಲವರು ಸ್ವಂತ ಬೈಕಿಗೆ, ಹಳ್ಳಿ ಕಡೆ ಹೋಗುವಾಗ ಟಂಟಂಗೆ. ಹೋಗುವ ಮುಂಚೆ ಮುಂಗಡ ತಗೊಂಡಿರುತ್ತಾರೆ, ಬಂದ ಮೇಲೆ ಪೆನ್ನಿನಿಂದ ಬಿಲ್ಲು ಬರೆಯುತ್ತಾರೆ. ರಜೆ ಅರ್ಜಿಗೂ ಇದೇ ಕ್ರಮ ನಡೆಯುತ್ತದೆ, ಆದರೆ ಹಣದ ಲೆಕ್ಕ ಇರುವುದರಿಂದ ತಪ್ಪು ಬೇಗ ಎದ್ದು ಕಾಣುವುದು ಟಿಎ ಬಿಲ್ಲಿನಲ್ಲಿ.

ಕೆಲಸ ಶುರುವಾಗಬೇಕಾದದ್ದು ಕಂಪ್ಯೂಟರ್ ಮುಂದಲ್ಲ, ಲೆಕ್ಕಪತ್ರ ವಿಭಾಗದ ಕಪಾಟಿನ ಮುಂದೆ. ಕಳೆದ ವರ್ಷದ ಬಿಲ್ಲುಗಳಲ್ಲಿ ಕೆಂಪು ಪೆನ್ನು ಬಿದ್ದವು, ಚೀಟಿ ಹಚ್ಚಿ ವಾಪಸ್ ಕಳಿಸಿದವು, ಫೋನು ಮಾಡಿ ಕೇಳಿ ತುಂಬಿಸಿಕೊಂಡವು ಎಲ್ಲವನ್ನೂ ಹೊರಗೆ ತೆಗೆಯಿರಿ. ಪ್ರತಿಯೊಂದರ ಮೇಲೂ ಯಾಕೆ ತಿರುಗಿ ಹೋಯಿತು ಎಂದು ಒಂದು ಸಾಲು ಬರೆದು, ಒಂದೇ ಕಾರಣದವನ್ನು ಒಟ್ಟಿಗೆ ಪೇರಿಸಿ. ಸಾಮಾನ್ಯವಾಗಿ ನಾಲ್ಕೈದು ಕಟ್ಟುಗಳಾಗುತ್ತವೆ: ಹೊರಟ ವೇಳೆ ಇಲ್ಲ, ಟಿಕೆಟಿಗೂ ಸಾಲಿಗೂ ತಾಳೆ ಇಲ್ಲ, ಮುಂಗಡ ಕಳೆದಿಲ್ಲ, ಮೊತ್ತ ತಿದ್ದಿದ ಕಾರಣ ಇಲ್ಲ, ಸಹಿ ಇದೆ ಆದರೆ ಯಾತಕ್ಕೆ ಹಾಕಿದ್ದು ಗೊತ್ತಾಗುವುದಿಲ್ಲ. ಹೊಸ ನಮೂನೆಯ ಪ್ರತಿ ಮನೆಯೂ ಈ ಕಟ್ಟುಗಳಲ್ಲಿ ಒಂದಕ್ಕಾದರೂ ಉತ್ತರ ಆಗಿರಬೇಕು. ಉತ್ತರ ಆಗದ ಮನೆಯನ್ನು ತೆಗೆದುಹಾಕಿ.

ಹೀಗೆ ಮೊದಲು ಹೋಗುವುದು ತಲೆಭಾಗದ ಅರ್ಧ. ಜನ್ಮ ದಿನಾಂಕ, ನೇಮಕದ ದಿನಾಂಕ, ಮೂಲ ವೇತನ, ಬ್ಯಾಂಕ್ ಖಾತೆ ಸಂಖ್ಯೆ ಇವೆಲ್ಲ ಪಗಾರದ ದಾಖಲೆಯಲ್ಲಿ ಇರುವವೇ. ಕಚೇರಿಗೆ ಗೊತ್ತಿರುವುದನ್ನು ಸಿಬ್ಬಂದಿಯಿಂದ ಮತ್ತೆ ಬರೆಸಿಕೊಂಡರೆ ತಪ್ಪಾಗಲು ಇನ್ನೊಂದು ಜಾಗ ಕೊಟ್ಟಂತೆ. ಖಾತೆ ಸಂಖ್ಯೆಯಲ್ಲಿ ಒಂದು ಅಂಕಿ ಹೆಚ್ಚುಕಡಿಮೆ ಆದರೆ ಹಣ ಬೇರೆ ಕಡೆ ಹೋಗುತ್ತದೆ. ಹೆಸರು, ಸಿಬ್ಬಂದಿ ಸಂಖ್ಯೆ, ಶಾಖೆ, ಇಷ್ಟು ಸಾಕು. ಹೊರಗಿನವರಿಗೂ ಹಣ ಕೊಡಬೇಕಾದ ಸಂಸ್ಥೆಯಾದರೆ ಮಾತ್ರ ಐಎಫ್‌ಎಸ್‌ಸಿ ಮನೆ ಬೇಕು. ಆಗ 11 ಚೌಕ ಹಾಕಿ, ಐದನೆಯದರಲ್ಲಿ ಸೊನ್ನೆಯನ್ನು ಅಚ್ಚು ಮಾಡಿಯೇ ಬಿಡಿ. ಆ ಜಾಗದಲ್ಲಿ ಯಾವಾಗಲೂ ಸೊನ್ನೆಯೇ ಇರುತ್ತದೆ, ಆದರೆ ಕೈಬರಹದಲ್ಲಿ ಅದು ‘ಒ’ ಎಂಬ ಇಂಗ್ಲಿಷ್ ಅಕ್ಷರವಾಗಿಬಿಡುತ್ತದೆ.

ವೇಳೆ ಮತ್ತು ಸಾಲುಗಳು

ಹಳೆಯ ನಮೂನೆಗಳಲ್ಲಿ ಪ್ರತಿ ಸಾಲಿಗೂ ಹೊರಟ ವೇಳೆ, ಮುಟ್ಟಿದ ವೇಳೆ ಎಂದು ಎರಡು ಕಾಲಂ ಇರುತ್ತವೆ. ಅವುಗಳನ್ನು ಯಾರೂ ನಿಜವಾಗಿ ತುಂಬುವುದಿಲ್ಲ, ಅಂದಾಜಿಗೆ ಬರೆಯುತ್ತಾರೆ. ಲೆಕ್ಕಕ್ಕೆ ಬೇಕಾಗುವುದು ಎರಡೇ ವೇಳೆ: ಊರು ಬಿಟ್ಟದ್ದು, ಊರಿಗೆ ಮರಳಿದ್ದು. ದಿನಭತ್ಯೆ ನಿಂತಿರುವುದು ಅವುಗಳ ಮೇಲೆ. ಹಾಗಾಗಿ ಅವೆರಡನ್ನು ಸಾಲುಗಳಿಂದ ಬಿಡಿಸಿ, ಪಟ್ಟಿಯ ಮೇಲೆ ಒಂದೇ ಕಡೆ ಇಡಿ. ದಿನಾಂಕಕ್ಕೆ ‘ದಿನ, ತಿಂಗಳು, ವರ್ಷ’ ಎಂದು ಕೆಳಗೆ ಸಣ್ಣದಾಗಿ ಅಚ್ಚಾದ ಎಂಟು ಚೌಕ. ವೇಳೆಗೆ ಗಂಟೆ, ನಿಮಿಷ, ಪಕ್ಕದಲ್ಲಿ ‘ಮಧ್ಯಾಹ್ನ 12ರ ಮೊದಲು’, ‘12ರ ನಂತರ’ ಎಂದು ಗುರುತು ಹಾಕುವ ಎರಡು ಚೌಕ. 18:30 ಎಂಬ ಇಪ್ಪತ್ನಾಲ್ಕು ಗಂಟೆಯ ಕ್ರಮ ಕೇಳಿದರೆ ಅರ್ಧ ಜನ 6:30 ಎಂದೇ ಬರೆಯುತ್ತಾರೆ. ಆಗ ಸಂಜೆ ಬಸ್ಸಿಗೆ ಹೋದವರು ಮುಂಜಾನೆ ಹೋದಂತೆ ಕಾಣುತ್ತದೆ, ಅರ್ಧ ದಿನದ ಭತ್ಯೆ ಪೂರ್ತಿ ದಿನದ್ದಾಗುತ್ತದೆ.

ದಿನಭತ್ಯೆಯ ನಿಯಮವನ್ನು ಇದೇ ಮನೆಯ ಕೆಳಗೆ ಒಂದು ಸಾಲಿನಲ್ಲಿ ಅಚ್ಚು ಮಾಡಿ. ಹಾಳೆಯ ಹಿಂಬದಿಗೆ ‘ಸೂಚನೆಗಳು’ ಎಂದು ಹನ್ನೆರಡು ಅಂಶ ಬರೆದರೆ ಅದನ್ನು ಓದುವವರು ನಮೂನೆ ಬರೆದವರು ಮಾತ್ರ. ಸೂಚನೆ ಇರಬೇಕಾದ ಜಾಗ, ಪೆನ್ನಿನ ತುದಿ ನಿಂತಿರುವ ಜಾಗ. ಅದು ಕೆಲಸ ಹೇಳುವ ವಾಕ್ಯವಾಗಿರಬೇಕು. ‘ನಿಯಮಾನುಸಾರ ಭರ್ತಿ ಮಾಡತಕ್ಕದ್ದು’ ಎಂದರೆ ಯಾರಿಗೂ ಏನೂ ಹೇಳಿದಂತಾಗುವುದಿಲ್ಲ. ‘ಒಂದು ಟಿಕೆಟಿಗೆ ಒಂದು ಸಾಲು ಬರೆಯಿರಿ’ ಎಂದರೆ ಕೆಲಸ ಆಗುತ್ತದೆ.

ಆ ಕೊನೆಯ ಸೂಚನೆಯಲ್ಲಿ ಈ ನಮೂನೆಯ ಅರ್ಧ ಬಲ ಇದೆ. ಹೋಗುವ ಬಸ್ಸು, ಬರುವ ಬಸ್ಸು, ನಡುವಿನ ಟಂಟಂ ಎಲ್ಲ ಕೂಡಿಸಿ ‘ಬಸ್ ಚಾರ್ಜ್ 300’ ಎಂದು ಬರೆದರೆ ಲೆಕ್ಕಿಗರು ಟಿಕೆಟುಗಳನ್ನು ಮೇಜಿನ ಮೇಲೆ ಹರಡಿಕೊಂಡು ಒಗಟು ಬಿಡಿಸಬೇಕು. ಸಾಲುಗಳ ಪಟ್ಟಿಗೆ ಎಂಟು ಕಾಲಂ: ಸಾಲಿನ ಸಂಖ್ಯೆ, ದಿನಾಂಕ, ಎಲ್ಲಿಂದ, ಎಲ್ಲಿಗೆ, ಯಾವುದರಲ್ಲಿ, ಚೀಟಿ, ಕೇಳಿದ ಮೊತ್ತ, ಮಂಜೂರಾದ ಮೊತ್ತ. ಸಾಲಿನ ಸಂಖ್ಯೆ 1ರಿಂದ 8ರ ವರೆಗೆ ಅಚ್ಚಾಗಿಯೇ ಇರಲಿ. ಚೀಟಿ ಕಾಲಂನಲ್ಲಿ ‘ಇದೆ’, ‘ಇಲ್ಲ’ ಎರಡೇ ಮಾತು, ಎರಡರಲ್ಲಿ ಒಂದಕ್ಕೆ ಸುತ್ತು ಹಾಕುವುದು. ಇದ್ದರೆ ಅದೇ ಸಾಲಿನ ಸಂಖ್ಯೆಯನ್ನು ಟಿಕೆಟಿನ ಮೂಲೆಯಲ್ಲಿ ಬರೆಯಬೇಕು. ಲಾಡ್ಜಿನ ಬಿಲ್ಲನ್ನೂ ಇದೇ ಪಟ್ಟಿಯಲ್ಲಿ ಒಂದು ಸಾಲಾಗಿ ಬರೆಯಬಹುದು.

ಟಂಟಂಗೆ ಟಿಕೆಟು ಎಲ್ಲಿಂದ ಬರಬೇಕು? ನಮೂನೆ ಇದನ್ನು ಒಪ್ಪಿಕೊಳ್ಳದಿದ್ದರೆ ಸಿಬ್ಬಂದಿ ಆ ಹಣ ಬಿಟ್ಟುಕೊಡುತ್ತಾರೆ, ಇಲ್ಲವೆ ಬೇರೆ ಯಾವುದೋ ಚೀಟಿ ತಂದು ಸೇರಿಸುತ್ತಾರೆ. ಎರಡೂ ಕೆಟ್ಟದ್ದೇ. ಚೀಟಿ ಸಿಗದ ಖರ್ಚಿಗೆ ಸಂಘ ಒಂದು ಮಿತಿ ಗೊತ್ತುಮಾಡಲಿ, ಅದು ಕಾಲಂ ಕೆಳಗೆ ಅಚ್ಚಾಗಲಿ. ಪ್ರಮಾಣದ ಮಾತಿನಲ್ಲಿ ‘ಚೀಟಿ ಇಲ್ಲ ಎಂದು ಗುರುತಿಸಿದ ಸಾಲುಗಳ ಹಣವನ್ನು ಈ ಪ್ರಯಾಣಕ್ಕೇ ಖರ್ಚು ಮಾಡಿದ್ದೇನೆ’ ಎಂಬ ವಾಕ್ಯ ಸೇರಲಿ. ಸಿಬ್ಬಂದಿಯ ಸಹಿ ಅದರ ಕೆಳಗೆ.

ಬೈಕಿನವರಿಗೆ ಪಟ್ಟಿಯ ಕೆಳಗೆ ಬೇರೆಯೇ ಒಂದು ಸಾಲು: ಹೊರಟಾಗ ಮೀಟರ್, ಮರಳಿದಾಗ ಮೀಟರ್, ಓಡಿದ ಕಿ.ಮೀ., ದರ, ಮೊತ್ತ. ‘ಕಿ.ಮೀ.’ ಎಂದಷ್ಟೇ ಕೇಳಿದರೆ 100, 120, 150 ಎಂಬ ದುಂಡನೆಯ ಅಂಕಿಗಳೇ ಬರುತ್ತವೆ. ಮೀಟರ್ ಕೇಳಿದರೆ 18412, 18530 ಬರುತ್ತದೆ, ವ್ಯತ್ಯಾಸ 118. ದರ ಕಿ.ಮೀ.ಗೆ ₹4 ಇದ್ದರೆ ₹472. ಮುಂದಿನ ಬಿಲ್ಲಿನಲ್ಲಿ ಹೊರಟ ಮೀಟರ್ 18530ಕ್ಕಿಂತ ಕಡಿಮೆ ಬರುವಂತಿಲ್ಲ. ಈ ಒಂದು ತಾಳೆಯೇ ಸಾಕಷ್ಟು ಅಂದಾಜು ಬರಹವನ್ನು ನಿಲ್ಲಿಸುತ್ತದೆ.

ಕೇಳಿದ್ದು, ಮಂಜೂರಾದದ್ದು

ಮೊತ್ತಕ್ಕೆ ಒಂದೇ ಕಾಲಂ ಇರುವ ಬಿಲ್ಲು ಜಗಳದ ಮೂಲ. ಲಾಡ್ಜಿನ ಮಿತಿ ₹400, ಸಿಬ್ಬಂದಿ ₹450ರ ಬಿಲ್ಲು ತಂದಿದ್ದಾರೆ ಎನ್ನಿ. ಲೆಕ್ಕಿಗರು 450ರ ಮೇಲೆ ಗೆರೆ ಎಳೆದು 400 ಬರೆಯುತ್ತಾರೆ, ಕೆಳಗಿನ ಒಟ್ಟು ಮೊತ್ತ ತಿದ್ದುತ್ತಾರೆ, ಅಕ್ಷರದಲ್ಲಿ ಬರೆದ ಮೊತ್ತ ಹಳೆಯದೇ ಉಳಿಯುತ್ತದೆ. ಲೆಕ್ಕ ಪರಿಶೋಧಕರು ಬಂದಾಗ ಈ ತಿದ್ದುಪಡಿ ಹಣ ಕೊಡುವ ಮುಂಚಿನದೋ ಆಮೇಲಿನದೋ ಹೇಳಲು ಬರುವುದಿಲ್ಲ. ಎರಡು ಕಾಲಂ ಇದ್ದರೆ ಸಿಬ್ಬಂದಿ ಬರೆದ ಅಂಕಿಯನ್ನು ಯಾರೂ ಮುಟ್ಟುವುದಿಲ್ಲ. 450 ಹಾಗೇ ಇರುತ್ತದೆ, ಪಕ್ಕದಲ್ಲಿ 400 ಬರುತ್ತದೆ, ಲೆಕ್ಕಿಗರ ಷರಾದಲ್ಲಿ ‘ಸಾಲು 4, ಮಿತಿ ₹400’ ಎಂದಿರುತ್ತದೆ. ಅಕ್ಷರದಲ್ಲಿ ಬರೆಯುವ ಸಾಲನ್ನು ಸಿಬ್ಬಂದಿಯಿಂದ ತೆಗೆದು ಲೆಕ್ಕಿಗರ ಮನೆಗೆ ಹಾಕಿ, ಯಾಕಂದರೆ ಕೀರ್ದಿಗೆ ಹೋಗುವುದು ಮಂಜೂರಾದ ಮೊತ್ತ.

ಪೈಸೆ ಕಾಲಂ ಬೇಡ. ರೂಪಾಯಿಗೆ ದುಂಡಾಗಿಸಿ ಬರೆಯಿರಿ ಎಂದು ಕಾಲಂ ತಲೆಯಲ್ಲೇ ಹೇಳಿ. ರೂಪಾಯಿ, ಪೈಸೆಯ ನಡುವಿನ ಗೆರೆ ತೆಳುವಾಗಿದ್ದು ಝೆರಾಕ್ಸಿನಲ್ಲಿ ಮಾಸಿದರೆ 110.00 ಎಂಬುದು 11000 ಆಗಿ ಕಾಣುತ್ತದೆ. ತುಂಬದ ಸಾಲುಗಳಿಗೆ ಅಡ್ಡಗೆರೆ ಎಳೆಯಿರಿ ಎಂಬ ಸೂಚನೆ ಎಂಟನೆಯ ಸಾಲಿನ ಕೆಳಗೆ ಇರಲಿ, ಸಹಿ ಆದ ಮೇಲೆ ಯಾರೂ ಸಾಲು ಸೇರಿಸಲು ಬರಬಾರದು.

ಮುಂಗಡ ಕಳೆಯುವ ಮನೆ

ಹೆಚ್ಚು ತಪ್ಪು ಆಗುವುದು ಇಲ್ಲೇ. ‘ಬಾಕಿ’ ಎಂದು ಒಂದೇ ಮನೆ ಕೊಟ್ಟರೆ ಯಾರ ಬಾಕಿ ಎಂದು ಗೊತ್ತಾಗುವುದಿಲ್ಲ. ಸಿಬ್ಬಂದಿಗೆ ಬರಬೇಕಾದದ್ದನ್ನೂ ಅಲ್ಲಿ ಬರೆಯುತ್ತಾರೆ, ಸಿಬ್ಬಂದಿ ಕಟ್ಟಬೇಕಾದದ್ದನ್ನೂ ಅಲ್ಲಿ ಬರೆಯುತ್ತಾರೆ. ಋಣ ಚಿಹ್ನೆ ಹಾಕಿ ಎಂದು ಹೇಳಿದರೂ ಆ ಗೆರೆಯನ್ನು ಅರ್ಧ ಜನ ಮರೆಯುತ್ತಾರೆ, ಉಳಿದವರು ಹಾಕಿದ್ದನ್ನು ಓದುವವರು ಮರೆಯುತ್ತಾರೆ. ಹೀಗೆ ನಾಲ್ಕು ಸಾಲು ಮಾಡಿ:

ಕ. ಮಂಜೂರಾದ ಒಟ್ಟು ಮೊತ್ತ
ಖ. ಪಡೆದ ಮುಂಗಡ (ವೋಚರ್ ಸಂಖ್ಯೆ, ದಿನಾಂಕ)
ಗ. ‘ಕ’ ಹೆಚ್ಚಿದ್ದರೆ: ಸಂಘ ಸಿಬ್ಬಂದಿಗೆ ಕೊಡಬೇಕಾದದ್ದು (ಕ ದಲ್ಲಿ ಖ ಕಳೆಯಿರಿ)
ಘ. ‘ಖ’ ಹೆಚ್ಚಿದ್ದರೆ: ಸಿಬ್ಬಂದಿ ಸಂಘಕ್ಕೆ ಮರಳಿ ಕಟ್ಟಬೇಕಾದದ್ದು (ಖ ದಲ್ಲಿ ಕ ಕಳೆಯಿರಿ)

ಅ, ಆ ಎಂದು ಗುರುತಿಸಬೇಡಿ, ಅವಸರದ ಕೈಬರಹದಲ್ಲಿ ಒಂದೇ ತರ ಕಾಣುತ್ತವೆ. ಮುಂಗಡ ಪಡೆಯದವರು ‘ಖ’ ಮನೆಯಲ್ಲಿ ಸೊನ್ನೆ ಬರೆಯಲೇಬೇಕು. ಖಾಲಿ ಬಿಟ್ಟರೆ ಮುಂಗಡ ಇರಲಿಲ್ಲವೋ ಬರೆಯಲು ಮರೆತರೋ ತಿಳಿಯದು.

ಒಂದು ಬಿಲ್ಲನ್ನು ಪೂರ್ತಿ ಓಡಿಸಿ ನೋಡೋಣ. ವಿಜಯಪುರದಿಂದ ಒಬ್ಬರು ವಸೂಲಿಗೆ ಮುದ್ದೇಬಿಹಾಳಕ್ಕೆ ಹೋದರು, ಅಲ್ಲಿಂದ ನಾಲತವಾಡಕ್ಕೆ ಟಂಟಂನಲ್ಲಿ ಹೋಗಿ ಬಂದರು, ರಾತ್ರಿ ಲಾಡ್ಜಿನಲ್ಲಿ ಉಳಿದು ಮರುದಿನ ಸಂಜೆ ಮರಳಿದರು. ಬಸ್ಸಿಗೆ ಹೋಗುವಾಗ ₹110, ಬರುವಾಗ ₹110, ಟಂಟಂಗೆ ಹೋಗಲು ₹40, ಬರಲು ₹40, ಲಾಡ್ಜಿಗೆ ₹450 ಎಂದಿಟ್ಟುಕೊಳ್ಳಿ. ಐದು ಸಾಲು, ಒಟ್ಟು ₹750. ದಿನಭತ್ಯೆ ದಿನಕ್ಕೆ ₹200ರಂತೆ ಎರಡು ದಿನಕ್ಕೆ ₹400. ಕೇಳಿದ್ದು ₹1,150. ಲಾಡ್ಜಿನ ಮಿತಿಯಿಂದ ₹50 ಕಡಿತ, ಮಂಜೂರಾದದ್ದು ₹1,100. ಮುಂಗಡ ₹1,000. ‘ಗ’ ಮನೆಯಲ್ಲಿ ₹100 ಬರುತ್ತದೆ, ‘ಘ’ ಮನೆಗೆ ಅಡ್ಡಗೆರೆ. ಅದೇ ಜನ ಸಂಬಂಧಿಕರ ಮನೆಯಲ್ಲಿ ಉಳಿದಿದ್ದರೆ ಲಾಡ್ಜಿನ ಸಾಲೇ ಇಲ್ಲ, ಮಂಜೂರಾದದ್ದು ₹700, ಆಗ ‘ಘ’ ಮನೆಯಲ್ಲಿ ₹300. ಈ ಎರಡೂ ಬಿಲ್ಲು ಅದೇ ಹಾಳೆಯಲ್ಲಿ ಗೊಂದಲ ಇಲ್ಲದೆ ಕೂಡಬೇಕು. ನಮೂನೆ ಒಪ್ಪುವ ಮುಂಚೆ ಎರಡನ್ನೂ ಕೈಯಿಂದ ತುಂಬಿ ನೋಡಿ.

ಶಾಖೆಗಳಲ್ಲಿ ಕಂಪ್ಯೂಟರಿನಲ್ಲೇ ತುಂಬುವ ಪ್ರತಿ ಬೇಕಾದರೆ ಇದೇ ತರ್ಕ ಎಕ್ಸೆಲ್ಲಿನಲ್ಲಿ ಎರಡು ಸೂತ್ರ. ‘ಕ’ H20ರಲ್ಲೂ ‘ಖ’ H21ರಲ್ಲೂ ಇದ್ದರೆ, ‘ಗ’ ಮತ್ತು ‘ಘ’ ಹೀಗೆ:

```
=MAX(0,H20-H21)
=MAX(0,H21-H20)
```

ಮಂಜೂರಾತಿಯ ಮನೆಗಳು

ಹಾಳೆಯ ಅಡಿಯಲ್ಲಿ ‘ಶಾಖಾ ವ್ಯವಸ್ಥಾಪಕರು’, ‘ಲೆಕ್ಕಿಗರು’, ‘ಮುಖ್ಯ ಕಾರ್ಯನಿರ್ವಾಹಕರು’ ಎಂದು ಮೂರು ಹುದ್ದೆಗಳನ್ನು ಬರೆದು ಮೇಲೆ ಜಾಗ ಬಿಡುವುದು ರೂಢಿ. ಮೂವರೂ ಹಾಕುವ ಸಹಿ ಒಂದೇ ತರ ಇರುವುದರಿಂದ ಪ್ರತಿಯೊಬ್ಬರೂ ಇನ್ನೊಬ್ಬರು ನೋಡಿದ್ದಾರೆ ಎಂದುಕೊಳ್ಳುತ್ತಾರೆ. ಬಿಲ್ಲಿನ ಕೂಡಿಕೆ ತಪ್ಪಿದ್ದರೂ ಮೂರು ಸಹಿ ಬಿದ್ದಿರುತ್ತವೆ.

ಪ್ರತಿ ಮನೆಯ ತಲೆಯಲ್ಲಿ ಆ ಸಹಿಯ ಅರ್ಥ ಬರೆಯಿರಿ. ವ್ಯವಸ್ಥಾಪಕರ ಮನೆಯಲ್ಲಿ: ‘ಈ ಪ್ರಯಾಣ ಶಾಖೆಯ ಕೆಲಸಕ್ಕೆ ನನ್ನ ಒಪ್ಪಿಗೆಯಿಂದ ನಡೆದಿದೆ.’ ಅವರು ಲೆಕ್ಕ ನೋಡಬೇಕಾಗಿಲ್ಲ, ಹೋಗಿದ್ದು ನಿಜವೇ ಎಂದಷ್ಟೇ ಹೇಳಬೇಕು, ಅದನ್ನು ಹೇಳಬಲ್ಲವರು ಅವರೇ. ಲೆಕ್ಕಿಗರ ಮನೆಯಲ್ಲಿ: ‘ಚೀಟಿ, ಮಿತಿ, ಕೂಡಿಕೆ ತಾಳೆ ನೋಡಿದ್ದೇನೆ. ಮಂಜೂರಿಗೆ ಅರ್ಹ ಮೊತ್ತ ₹____, ಅಕ್ಷರದಲ್ಲಿ ____.’ ಮುಖ್ಯ ಕಾರ್ಯನಿರ್ವಾಹಕರ ಮನೆಯಲ್ಲಿ: ‘ಮೇಲಿನ ಮೊತ್ತ ಮಂಜೂರು’ ಎಂದೊಂದು ಚೌಕ, ‘ವಾಪಸ್, ಕಾರಣ ____’ ಎಂದು ಇನ್ನೊಂದು. ವಾಪಸ್ಸಿಗೆ ಜಾಗ ಇಲ್ಲದ ನಮೂನೆಯಲ್ಲಿ ಒಪ್ಪದ ಬಿಲ್ಲು ಸಹಿಯೂ ಇಲ್ಲದೆ ಕಾರಣವೂ ಇಲ್ಲದೆ ಮೇಜಿನ ಡ್ರಾದಲ್ಲಿ ಉಳಿದುಬಿಡುತ್ತದೆ. ಮೂರೂ ಮನೆಗಳಲ್ಲಿ ಸಹಿಯ ಕೆಳಗೆ ಹೆಸರು ಮತ್ತು ದಿನಾಂಕ ಕಡ್ಡಾಯ. ಬಿಲ್ಲು ಎಲ್ಲಿ ತಡವಾಯಿತು ಎಂದು ಆ ದಿನಾಂಕಗಳೇ ಹೇಳುತ್ತವೆ.

ವ್ಯವಸ್ಥಾಪಕರೇ ಪ್ರಯಾಣ ಮಾಡಿದಾಗ ಮೊದಲ ಮನೆಯಲ್ಲಿ ಅವರೇ ಸಹಿ ಹಾಕಿಬಿಡುವುದು ಮಾಮೂಲು ತಪ್ಪು. ಅದರ ಕೆಳಗೆ ‘ಬಿಲ್ಲು ವ್ಯವಸ್ಥಾಪಕರದೇ ಆಗಿದ್ದರೆ ಈ ಮನೆಯನ್ನು ಮುಖ್ಯ ಕಚೇರಿ ತುಂಬಬೇಕು’ ಎಂದು ಅಚ್ಚು ಮಾಡಿ. ರಬ್ಬರ್ ಮೊಹರಿಗೆ ಬೇರೆ ಜಾಗ ಬೇಕು. ಸಹಿಯ ಮೇಲೆ ಮೊಹರು ಬಿದ್ದರೆ ಎರಡೂ ಓದಲು ಬರುವುದಿಲ್ಲ.

ಹಣ ನಗದಾಗಿ ಕೊಡುವುದಾದರೆ ಪಾವತಿಯ ಭಾಗ ಹಿಂಬದಿಯ ಮೇಲ್ಗಡೆ ಬರಲಿ. ಪಡೆದ ಮೊತ್ತ, ದಿನಾಂಕ, ಸಹಿ, ಪಕ್ಕದಲ್ಲಿ ‘₹5,000 ಮೀರಿದರೆ ಮಾತ್ರ ₹1ರ ರೆವಿನ್ಯೂ ಸ್ಟ್ಯಾಂಪ್’ ಎಂದು ಬರೆದ ಚೌಕ. ಸುಮ್ಮನೆ ‘ಸ್ಟ್ಯಾಂಪ್’ ಎಂದಿದ್ದರೆ ₹100ರ ಬಿಲ್ಲಿಗೂ ಸ್ಟ್ಯಾಂಪ್ ಹುಡುಕಿಕೊಂಡು ಪೋಸ್ಟ್ ಆಫೀಸಿಗೆ ಓಡುತ್ತಾರೆ.

ಅದರ ಕೆಳಗಿನ ಜಾಗ ಟಿಕೆಟು ಅಂಟಿಸಲು. ಬಸ್ಸಿನ ಮಶೀನ್ ಟಿಕೆಟು, ಪೆಟ್ರೋಲ್ ಪಂಪಿನ ಬಿಲ್ಲು ಎರಡೂ ಕಾವಿಗೆ ಕಪ್ಪಾಗುವ ಕಾಗದ. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ಬೈಕಿನ ಡಿಕ್ಕಿಯೊಳಗೆ ಬಿಟ್ಟರೆ ಅಕ್ಷರ ಹಾಳಾಗುತ್ತದೆ. ಅಕ್ಷರದ ಮೇಲೆ ಸೆಲ್ಲೋಟೇಪ್ ಹಚ್ಚಿದರೂ ಕೆಲವು ತಿಂಗಳಲ್ಲಿ ಮಾಯವಾಗುತ್ತದೆ. ‘ಟಿಕೆಟಿನ ಹಿಂಬದಿಯ ಮೇಲಿನ ಅಂಚಿಗೆ ಮಾತ್ರ ಅಂಟು ಹಚ್ಚಿ, ಅಕ್ಷರದ ಮೇಲೆ ಟೇಪ್ ಬೇಡ’ ಎಂದು ಆ ಜಾಗದಲ್ಲೇ ಬರೆದಿರಿ. ವರ್ಷಗಟ್ಟಲೆ ಇಡಬೇಕಾದ ಬಿಲ್ಲಾದರೆ ಒಂದು ಝೆರಾಕ್ಸ್ ತೆಗೆದು ಜೊತೆಗಿಡಿ.

ಅಳತೆ, ಅಕ್ಷರ, ಅಚ್ಚು

ಎ4 ಅಗಲ 210 ಮಿ.ಮೀ. ಎಡಗಡೆ 25 ಬಿಡಿ, ಫೈಲಿಗೆ ಪಂಚ್ ಮಾಡಿದಾಗ ಬರಹಕ್ಕೆ ತೂತು ಬೀಳಬಾರದು. ಬಲಗಡೆ 12 ಬಿಟ್ಟರೆ ಉಳಿಯುವುದು 173. ಅದನ್ನು ಕಾಲಂಗಳಿಗೆ ಕ್ರಮವಾಗಿ 8, 20, 28, 28, 24, 15, 25, 25 ಎಂದು ಹಂಚಬಹುದು. ಊರಿನ ಹೆಸರಿಗೆ 28 ಮಿ.ಮೀ. ಕಡಿಮೆ ಅಲ್ಲ, ‘ಮುದ್ದೇಬಿಹಾಳ’ ಎಂದು ಕೈಯಿಂದ ಬರೆದು ನೋಡಿಯೇ ಗೊತ್ತುಮಾಡಿ. ಸಾಲಿನ ಎತ್ತರ 9 ಮಿ.ಮೀ. ಇರಲಿ. ಒತ್ತಕ್ಷರ ಕೆಳಗಿಳಿಯುವುದರಿಂದ ಇಂಗ್ಲಿಷ್ ನಮೂನೆಯ 6 ಮಿ.ಮೀ. ಸಾಲು ಕನ್ನಡ ಕೈಬರಹಕ್ಕೆ ಸಾಲದು.

ವರ್ಡಿನಲ್ಲಿ ಟೇಬಲಿನ ಸಾಲಿನ ಎತ್ತರವನ್ನು `Exactly` ಎಂದು ಕಟ್ಟಿದರೆ ತುಂಬುವ ಸಾಲುಗಳು ಅಲುಗಾಡುವುದಿಲ್ಲ, ಒಳ್ಳೆಯದು. ಆದರೆ ಅಚ್ಚಿನ ಬರಹದ `Line spacing` ಅನ್ನು `Exactly` ಮಾಡಬೇಡಿ. ‘ವ್ಯವಸ್ಥಾಪಕ’ದ ಒತ್ತು ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಅಲ್ಲಿ `At least` ಇಡಿ. ಫಾಂಟು ಯೂನಿಕೋಡ್ ಇರಲಿ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಫೈಲು ಆ ಫಾಂಟು ಇಲ್ಲದ ಶಾಖೆಯಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಶಾಖೆಗಳಿಗೆ ಪಿಡಿಎಫ್ ಮಾತ್ರ ಕಳಿಸಿ, ಪ್ರಿಂಟ್ ತೆಗೆಯುವಾಗ `Actual size` ಆರಿಸಲು ಹೇಳಿ. ಅದರ ಬದಲು `Fit` ಆರಿಸಿದರೆ ಹಾಳೆ ಸಣ್ಣದಾಗಿ ಬಂದು ಚೌಕಗಳು ಕುಗ್ಗುತ್ತವೆ. ‘ಕಚೇರಿ ಬಳಕೆಗೆ’ ಎಂಬ ಭಾಗಕ್ಕೆ ಬೂದು ಬಣ್ಣ ತುಂಬುವ ಆಸೆ ಬಿಡಿ. ಝೆರಾಕ್ಸಿನ ಝೆರಾಕ್ಸಿನಲ್ಲಿ ಅದು ಕಪ್ಪು ಚುಕ್ಕೆಗಳಾಗಿ ಬರಹವನ್ನು ನುಂಗುತ್ತದೆ. ಸುತ್ತ ಜೋಡಿ ಗೆರೆ ಹಾಕಿದರೆ ಸಾಕು.

ಅಚ್ಚಿಗೆ ಕೊಡುವ ಮುಂಚೆ ಪರೀಕ್ಷೆ ಆಗಬೇಕು. ಮೇಲೆ ಹೇಳಿದ ಮುದ್ದೇಬಿಹಾಳದ ಪ್ರಯಾಣದ ಟಿಕೆಟುಗಳನ್ನು ಒಂದು ಲಕೋಟೆಯಲ್ಲಿ ಹಾಕಿ, ಖಾಲಿ ನಮೂನೆಯ ಜೊತೆ ಐದಾರು ಜನರಿಗೆ ಬೇರೆ ಬೇರೆಯಾಗಿ ಕೊಡಿ. ಅದರಲ್ಲಿ ವರ್ಷಕ್ಕೊಮ್ಮೆ ಮಾತ್ರ ಪ್ರಯಾಣ ಮಾಡುವ ಒಬ್ಬರಾದರೂ ಇರಲಿ. ಏನೂ ವಿವರಿಸದೆ ಪಕ್ಕದಲ್ಲಿ ಕುಳಿತು ನೋಡಿ. ಪೆನ್ನು ಎಲ್ಲಿ ನಿಲ್ಲುತ್ತದೆ, ಎಲ್ಲಿ ‘ಸರ್, ಇಲ್ಲಿ ಏನ್ ಬರೀಬೇಕ್ರಿ?’ ಎಂದು ಕೇಳುತ್ತಾರೆ, ಎಲ್ಲಿ ಬರೆದು ಹೊಡೆದು ಹಾಕುತ್ತಾರೆ ಎಂದು ಗುರುತಿಸಿಕೊಳ್ಳಿ. ಬಾಯಿಂದ ಉತ್ತರ ಕೊಟ್ಟರೆ ಪರೀಕ್ಷೆ ಕೆಟ್ಟಂತೆ. ಆ ಉತ್ತರ ಹಾಳೆಯ ಮೇಲೆ ಬರಬೇಕು. ಇಬ್ಬರು ಒಂದೇ ಮನೆಯಲ್ಲಿ ನಿಂತರೆ ಆ ಮನೆಯ ಮಾತು ಬದಲಿಸಿ ಮತ್ತೆ ಹೊಸಬರಿಗೆ ಕೊಡಿ.

ತುಂಬಿದ ಮಾದರಿ ಪ್ರತಿಯೊಂದನ್ನು ಶಾಖೆಯ ನೋಟಿಸ್ ಬೋರ್ಡಿಗೆ ಹಚ್ಚುವುದು ಒಳ್ಳೆಯದು, ಆದರೆ ಅದರಲ್ಲಿ ಒಂದು ಚೀಟಿ ಇಲ್ಲದ ಸಾಲು, ಒಂದು ಕಡಿತ ಇರಲೇಬೇಕು. ಎಲ್ಲ ಸರಿ ಇರುವ ಮಾದರಿಯಿಂದ ಕಷ್ಟದ ಮನೆ ಹೇಗೆ ತುಂಬುವುದು ಎಂದು ತಿಳಿಯುವುದಿಲ್ಲ.

ಕೊನೆಗೆ ಹಾಳೆಯ ಎಡ ಅಡಿಯಲ್ಲಿ ನಮೂನೆಯ ಹೆಸರು, ಆವೃತ್ತಿ, ತಿಂಗಳು ಅಚ್ಚಾಗಲಿ. ಬೈಕಿನ ದರವೋ ಲಾಡ್ಜಿನ ಮಿತಿಯೋ ಬದಲಾದ ದಿನ ಆವೃತ್ತಿಯೂ ಬದಲಾಗಬೇಕು. ಒಂದೇ ಸಲ ಸಾವಿರ ಪ್ರತಿ ಅಚ್ಚು ಹಾಕಿಸಬೇಡಿ, ಎರಡು ಮೂರು ತಿಂಗಳಿಗೆ ಸಾಕಾಗುವಷ್ಟು ಸಾಕು. ಹೊಸದು ಬಂದಾಗ ಶಾಖೆಗಳಿಂದ ಹಳೆಯ ಹಾಳೆಗಳನ್ನು ವಾಪಸ್ ತರಿಸಿ ಹಿಂಬದಿಯನ್ನು ಲೆಕ್ಕದ ಕಚ್ಚಾ ಕಾಗದವಾಗಿ ಬಳಸಿ, ಇಲ್ಲದಿದ್ದರೆ ಸಿಂದಗಿಯಿಂದ ಹಳೆಯ ದರದ ಬಿಲ್ಲು ಆರು ತಿಂಗಳ ನಂತರವೂ ಬರುತ್ತಿರುತ್ತದೆ.